ನಮ್ಮ ಮನೆಯ ವಿಭಾಗ ಪತ್ರ: ಮೂರೂವರೆ ಲಕ್ಷ ಅಂದರು, ಕೊನೆಗೆ ಆದದ್ದು 58,800

ಕಳೆದ ವಾರ ನಮ್ಮ ಮನೆಯ ವಿಭಾಗ ಪತ್ರ ನೋಂದಣಿಯಾಯಿತು. ಶುರು ಮಾಡಿದ್ದು ದೀಪಾವಳಿ ಕಳೆದ ಮೇಲೆ. ಮುಗಿಯುವ ಹೊತ್ತಿಗೆ ಐದು ತಿಂಗಳು ಹಿಡಿಯಿತು. ಖರ್ಚು ಎಷ್ಟಾಗಬಹುದು ಅನ್ನೋದು ಗೊತ್ತಾಗದೆ ಮೊದಲ ಒಂದೂವರೆ ತಿಂಗಳು ಸುಮ್ನೆ ಹೆದರಿಕೊಂಡು ಕೂತಿದ್ದೆವು. ಬೇರೆಯವರಿಗೆ ಆ ಗೊಂದಲ ಬೇಡ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಆಸ್ತಿ ದೊಡ್ಡದೇನಲ್ಲ. ತುಮಕೂರಿನ ಶಿರಾಗೇಟ್ ಕಡೆ 40x60 ಸೈಟು. ಅಪ್ಪ ತಮ್ಮ ಸಂಬಳದ ದುಡ್ಡಲ್ಲಿ 1991ರಲ್ಲಿ ತಗೊಂಡದ್ದು. ಮುಂದೆ ಒಂದು ಮನೆ, ಹಿಂದೆ ಎರಡು ಕೋಣೆ, ರಸ್ತೆಯ ಮೂಲೆಗೆ ಒಂದು ಪುಟ್ಟ ಅಂಗಡಿ, ಪಕ್ಕದಲ್ಲಿ ಒಂದಿಷ್ಟು ಖಾಲಿ ಜಾಗ. ಅಪ್ಪ 2016ರಲ್ಲಿ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಅಣ್ಣ 2021ರಲ್ಲಿ ಹೋದ. ಈಗ ಉಳಿದವರು ಅಮ್ಮ, ನಾನು, ಬೆಂಗಳೂರಿನಲ್ಲಿರುವ ತಮ್ಮ, ಮುಂದಿನ ಮನೆಯಲ್ಲೇ ಇರುವ ಅತ್ತಿಗೆ ಮತ್ತು ಅವರ 14 ವರ್ಷದ ಮಗ. ನಮ್ಮಲ್ಲಿ ಜಗಳ ಇರಲಿಲ್ಲ. ಅಮ್ಮ ಇರುವಾಗಲೇ ಎಲ್ಲ ಕಾಗದದ ಮೇಲೆ ಬಂದುಬಿಡಲಿ ಅನ್ನೋದು ಅಮ್ಮನದೇ ಆಸೆ.

ಮೊದಲು ಹೋಗಿದ್ದು ಪರಿಚಯದವರು ಹೇಳಿದ ಒಬ್ಬ ಪತ್ರ ಬರಹಗಾರರ ಹತ್ತಿರ. ಅವರು ಸೈಟಿನ ಗೈಡೆನ್ಸ್ ವ್ಯಾಲ್ಯೂ ಮತ್ತು ಕಟ್ಟಡ ಸೇರಿಸಿ 48 ಲಕ್ಷ ಅಂತ ಹಾಕಿದರು. ಕ್ಯಾಲ್ಕುಲೇಟರ್ ಒತ್ತಿ, "ಮೂರೂವರೆ ಲಕ್ಷ ದಾಟುತ್ತೆ ಮೇಡಂ, ನನ್ನ ಫೀಸು ಬೇರೆ" ಅಂದರು. ಅಮ್ಮನ ಮುಖ ಸಪ್ಪಗಾಯಿತು. ಮನೆಗೆ ಬಂದವರೇ "ಅಷ್ಟು ದುಡ್ಡು ಕೊಟ್ಟು ಹಂಚಿಕೊಳ್ಳೋದು ಏನಿದೆ ಇದರಲ್ಲಿ, ಬಿಡ್ರೋ" ಅಂದರು.

ಆ ಲೆಕ್ಕ ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಯಿತು. ಅವರು ಹಾಕಿದ್ದು ಕ್ರಯಪತ್ರದ ಲೆಕ್ಕ. ಮಾರಾಟಕ್ಕಾದರೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ 5.6% ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%. 48 ಲಕ್ಷಕ್ಕೆ 3,64,800 ರೂಪಾಯಿ. ಗುಣಾಕಾರ ಸರಿಯಾಗೇ ಇತ್ತು. ಆದರೆ ನಾವು ಯಾರಿಗೂ ಏನೂ ಮಾರುತ್ತಿರಲಿಲ್ಲ ಅಲ್ವಾ?

ಆ ಮೂರೂವರೆ ಲಕ್ಷದ ಮಾತನ್ನು ತಮ್ಮ ನಂಬಲಿಲ್ಲ. ಚಿಕ್ಕಮ್ಮನ ಮನೆಯಲ್ಲಿ 2019ರಲ್ಲಿ ಆಗಿದ್ದ ವಿಭಾಗ ಪತ್ರ ತರಿಸಿ ನೋಡಿದ. ಅದರಲ್ಲಿ ಪಾಲಿಗೆ 1,000 ರೂಪಾಯಿ ಮುದ್ರಾಂಕ ಶುಲ್ಕ ಇತ್ತು. "ಅಕ್ಕ, ನಾಲ್ಕೈದು ಸಾವಿರದಲ್ಲಿ ಮುಗಿಯುತ್ತೆ" ಅಂತ ಖುಷಿಯಲ್ಲಿ ಫೋನ್ ಮಾಡಿದ. ಅದೂ ಸರಿ ಇರಲಿಲ್ಲ. 2024ರ ಫೆಬ್ರವರಿಯಿಂದ ದರ ಬದಲಾಗಿದೆ. ಈಗ ನಗರಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಮನೆ, ಸೈಟುಗಳಿಗೆ ಒಂದೊಂದು ಪಾಲಿಗೆ 5,000. ಹಳ್ಳಿಯ ಕಡೆಯ ಮನೆ, ನಿವೇಶನಕ್ಕೆ ಪಾಲಿಗೆ 3,000. ಕೃಷಿ ಜಮೀನಿಗೆ ಪಾಲಿಗೆ 1,000. ಮೊದಲು ಇವು 1,000, 500 ಮತ್ತು 250 ಇದ್ದವು. ಇಂಟರ್‌ನೆಟ್ಟಿನಲ್ಲಿ ಇವತ್ತಿಗೂ ಹಳೇ ದರ ಬರೆದ ಪುಟಗಳೇ ಜಾಸ್ತಿ ಸಿಗುತ್ತವೆ. ನೋಡುವಾಗ ಯಾವ ವರ್ಷ ಬರೆದದ್ದು ಅಂತ ಮೊದಲು ನೋಡಿ.

ಅಂದರೆ ವಿಭಾಗ ಪತ್ರಕ್ಕೆ ಆಸ್ತಿಯ ಬೆಲೆ ಮುಖ್ಯ ಅಲ್ಲ. ಎಷ್ಟು ಪಾಲು ಅನ್ನೋದೇ ಮುಖ್ಯ. 48 ಲಕ್ಷದ ಮನೆಗೂ ಎರಡು ಕೋಟಿಯ ಮನೆಗೂ ನಾಲ್ಕು ಪಾಲಾದರೆ ಮುದ್ರಾಂಕ ಶುಲ್ಕ ಒಂದೇ. ಇದು ಗೊತ್ತಾದ ದಿನ ಅಮ್ಮ ಎರಡು ಲೋಟ ಕಾಫಿ ಕುಡಿದರು.

ಆಗ ಎದ್ದ ಪ್ರಶ್ನೆ, ನಮ್ಮದು ಎಷ್ಟು ಪಾಲು? ಸಹಿ ಹಾಕುವವರನ್ನು ಎಣಿಸಿದರೆ, ಹುಡುಗನೂ ಸೇರಿ, ಐದು ಜನ. ಆ ಪತ್ರ ಬರಹಗಾರರು ಎರಡನೇ ಸಲ ಹೋದಾಗ ಐದು ಪಾಲು, 25,000 ಅಂದರು. ಇಷ್ಟಾದ ಮೇಲೆ ನನಗೆ ಅವರ ಲೆಕ್ಕದ ಮೇಲೆ ನಂಬಿಕೆ ಉಳಿಯಲಿಲ್ಲ. ಬರೆದ ಕರಡನ್ನು ಇಸಿದುಕೊಂಡು ಒಬ್ಬ ವಕೀಲರ ಹತ್ತಿರ ಹೋದೆವು. ಕರಡು ನೋಡಿ, ತಿದ್ದಿ, ನೋಂದಣಿ ದಿನ ಜೊತೆಗೆ ಬರುವುದಕ್ಕೆ ಅವರು ಕೇಳಿದ್ದು 15,000. ಬರಹಗಾರರು ಕೇಳಿದ್ದು 8,000. ಏಳು ಸಾವಿರ ಹೆಚ್ಚಾಯಿತು ಅಂತ ತಮ್ಮ ಗೊಣಗಿದ. ಆದರೆ ಆ ಏಳು ಸಾವಿರಕ್ಕೆ ಏನು ಸಿಕ್ಕಿತು ಅಂತ ಹೇಳುತ್ತೇನೆ.

ವಕೀಲರು ಕರಡಿನ ಮೊದಲ ಪುಟ ಓದಿ ಕೇಳಿದ ಪ್ರಶ್ನೆ ಒಂದೇ: "ಮೊದಲು ಹೋದದ್ದು ಯಾರಮ್ಮ, ತಂದೆಯಾ, ಮಗನಾ?"

ತಂದೆ ಅಂದೆವು. ಅವರು ಒಂದು ಹಾಳೆ ತಗೊಂಡು ಒಂದು ಚೌಕ ಬರೆದು ಅದರಲ್ಲಿ ಹನ್ನೆರಡು ಭಾಗ ಮಾಡಿದರು. ಇದು ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿ. ವಿಲ್ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಪ್ಪ ಹೋದ ದಿನವೇ ಅಮ್ಮ, ಅಣ್ಣ, ನಾನು, ತಮ್ಮ ನಾಲ್ಕು ಜನರಿಗೂ ಸಮಪಾಲು. ಹನ್ನೆರಡರಲ್ಲಿ ತಲಾ ಮೂರು. ಐದು ವರ್ಷದ ಮೇಲೆ ಅಣ್ಣ ಹೋದಾಗ ಅವನ ಹೆಸರಿಗಾಗಲೇ ಬಂದಿದ್ದ ಆ ಮೂರು ಭಾಗ ಅವನ ವಾರಸುದಾರರಿಗೆ ಹೋಗುತ್ತವೆ. ಅವರು ಯಾರು? ಹೆಂಡತಿ, ಮಗ ಮತ್ತು ತಾಯಿ. ಅಂದರೆ ಅಮ್ಮನಿಗೆ ಅಲ್ಲಿಂದ ಇನ್ನೊಂದು ಬರುತ್ತದೆ. ಅಮ್ಮನದು ನಾಲ್ಕು, ನನ್ನದು ಮೂರು, ತಮ್ಮನದು ಮೂರು, ಅತ್ತಿಗೆಯದು ಒಂದು, ಹುಡುಗನದು ಒಂದು. ಕೂಡಿಸಿದರೆ ಹನ್ನೆರಡು.

ಅಣ್ಣ ಅಪ್ಪನಿಗಿಂತ ಮುಂಚೆ ಹೋಗಿದ್ದರೆ ಲೆಕ್ಕ ಬೇರೆ ಆಗುತ್ತಿತ್ತು. ಆಗ ಅಣ್ಣನ ಕವಲಿಗೆ ಬರುವ ಆ ಮೂರನ್ನು ಅತ್ತಿಗೆ ಮತ್ತು ಹುಡುಗ ಇಬ್ಬರೇ ಹಂಚಿಕೊಳ್ಳುತ್ತಿದ್ದರು. ಕರಡಿನಲ್ಲಿ ಬರೆದದ್ದು ಹಾಗೇ ಇತ್ತು. ಸತ್ತ ದಿನಾಂಕಗಳನ್ನೇ ಹಾಕಿರಲಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಎರಡು ಸಾವು ಆಗಿದ್ದರೆ ಯಾರು ಮೊದಲು, ಯಾರು ಆಮೇಲೆ ಅಂತ ದಿನಾಂಕ ಸಮೇತ ಬರೆಸಿ. ಆಸ್ತಿ ಪಿತ್ರಾರ್ಜಿತವಾಗಿದ್ದರೆ ಎಣಿಕೆಯೇ ಬೇರೆ, ನಾನಿಲ್ಲಿ ಹೇಳುತ್ತಿರುವುದು ಸ್ವಯಾರ್ಜಿತದ್ದು.

ಅಮ್ಮ ಆ ಹಾಳೆಯನ್ನೇ ತುಂಬ ಹೊತ್ತು ನೋಡಿದರು. "ನನ್ನ ಮಗನ ಪಾಲು ನಾನು ತಿನ್ನೋದಾ? ಬೇಡಪ್ಪ ಬೇಡ" ಅಂದರು. ಅತ್ತಿಗೆ ಕಣ್ಣು ಒರೆಸಿಕೊಂಡರು. ಅಲ್ಲಿ ಐದು ನಿಮಿಷ ಯಾರೂ ಮಾತಾಡಲಿಲ್ಲ.

ಅಮ್ಮ ಆ ಒಂದು ಭಾಗ ಬಿಟ್ಟುಕೊಡಲು ಬೇರೆ ಹಕ್ಕು ಖುಲಾಸೆ ಪತ್ರ ಬೇಕಾ ಅಂತ ಕೇಳಿದೆವು. ಬೇಡ ಅಂದರು ವಕೀಲರು. ವಿಭಾಗ ಪತ್ರದಲ್ಲಿ ಮೊದಲು ಕಾನೂನಿನ ಪ್ರಕಾರ ಯಾರ ಹಕ್ಕು ಎಷ್ಟು ಅಂತ ಸರಿಯಾಗಿ ಬರೆಯಬೇಕು. ಆಮೇಲೆ ಎಲ್ಲರೂ ಒಪ್ಪಿ ಹೀಗೆ ಹಂಚಿಕೊಂಡಿದ್ದೇವೆ ಅಂತ ಬರೆಯಬೇಕು. ದೊಡ್ಡವರು ತಮ್ಮ ಭಾಗದಲ್ಲಿ ಸ್ವಲ್ಪ ಕಡಿಮೆ ಒಪ್ಪಿಕೊಳ್ಳಬಹುದು. ಆದರೆ ಹುಡುಗನಿಗೆ ಮಾತ್ರ ಅವನಿಗೆ ಬರಬೇಕಾದ ಹನ್ನೆರಡರಲ್ಲಿ ಒಂದಕ್ಕಿಂತ ಕಡಿಮೆ ಆಗಬಾರದು. ಅವನ ಪರವಾಗಿ ತಾಯಿ ಸಹಿ ಹಾಕುತ್ತಾರೆ. ಹಂಚಿಕೆ ಅನ್ಯಾಯವಾಗಿದ್ದರೆ 18 ತುಂಬಿದ ಮೇಲೆ ಅವನು ಕೋರ್ಟಿಗೆ ಹೋಗಿ ಪ್ರಶ್ನೆ ಮಾಡಬಹುದು. ನಮ್ಮಲ್ಲಿ ಅವನಿಗೆ ಜಾಸ್ತಿಯೇ ಬರುತ್ತಿತ್ತು, ಹಾಗಾಗಿ ತೊಂದರೆ ಇರಲಿಲ್ಲ.

ಅತ್ತಿಗೆ ಮತ್ತು ಹುಡುಗ ಇಬ್ಬರಿಗೂ ಸೇರಿ ಒಂದೇ ಷೆಡ್ಯೂಲ್, ಅಂದರೆ ಪತ್ರದಲ್ಲಿ ಒಂದೇ ಪಾಲಿನ ವಿವರ, ಮಾಡಿದರು. ಹೀಗೆ ಐದು ಜನ ಪಕ್ಷಗಾರರಿದ್ದರೂ ಪಾಲು ನಾಲ್ಕೇ ಆಯಿತು. ಮುದ್ರಾಂಕ ಶುಲ್ಕ 20,000ಕ್ಕೆ ನಿಂತಿತು. ಏಳು ಸಾವಿರದಲ್ಲಿ ಐದು ಇಲ್ಲೇ ವಾಪಸ್ ಬಂದ ಹಾಗಾಯಿತು.

ಇದರ ನಡುವೆ ನೆಂಟರೊಬ್ಬರು ನನ್ನನ್ನು ಕೇಳಿದರು, "ನೀನು ಹೆಣ್ಣುಮಗಳು, ನಿಂದು ಬಿಟ್ಟುಕೊಟ್ಟರೆ ಮೂರೇ ಪಾಲಾಗುತ್ತೆ, ಐದು ಸಾವಿರ ಉಳಿಯುತ್ತೆ ಅಲ್ವಾ?" ನನಗೆ ನೋವಾಯಿತು, ಅದು ಬೇರೆ ಮಾತು. ಲೆಕ್ಕದಲ್ಲೂ ಅದು ಸರಿಯಲ್ಲ. ಏನೂ ತಗೊಳ್ಳದೆ ವಿಭಾಗ ಪತ್ರಕ್ಕೆ ಬರೀ ಸಹಿ ಹಾಕಿದರೆ ಅದು ವಿಭಾಗದ ಜೊತೆ ಹಕ್ಕು ಖುಲಾಸೆಯೂ ಆಗುತ್ತದೆ. ಒಂದೇ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯ ಇದ್ದರೆ ಎರಡಕ್ಕೂ ಶುಲ್ಕ ಕೇಳಲು ಮುದ್ರಾಂಕ ಕಾಯ್ದೆಯಲ್ಲಿ ಅವಕಾಶ ಇದೆ. ಬೇರೆ ಪತ್ರ ಮಾಡಿದರೆ ಅದಕ್ಕೆ ಬೇರೆ ಶುಲ್ಕ, ಬೇರೆ ಬರವಣಿಗೆ, ಬೇರೆ ದಿನ. ಉಳಿತಾಯ ಅನ್ನೋದು ಅಲ್ಲಿ ಇಲ್ಲ. ತಮ್ಮ ಆ ಮಾತು ಕೇಳಿಸಿಕೊಂಡು, "ಅಂಗಡಿ ಅಕ್ಕನಿಗೆ, ಅದರ ಬಗ್ಗೆ ಮಾತು ಬೇಡ" ಅಂದ. ಅದು ನನಗೆ ಈಗಲೂ ನೆನಪಾಗುತ್ತದೆ.

ಈಗ ಕಾಗದಗಳ ಕಥೆ. ನಿಜವಾದ ಸಮಯ ತಿಂದದ್ದು ಇದೇ. ಖಾತೆ ಇನ್ನೂ ಅಪ್ಪನ ಹೆಸರಲ್ಲಿತ್ತು. ಈಗ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ. ಇ-ಖಾತೆ ಬೇಕಾದರೆ ತೆರಿಗೆ ಬಾಕಿ ಇರಬಾರದು. ಅಣ್ಣ ಹೋದ ಮೇಲೆ ತೆರಿಗೆ ಕಟ್ಟೋದು ಅಕ್ಕನ ಕೆಲಸ ಅಂತ ತಮ್ಮ ಅಂದುಕೊಂಡಿದ್ದ, ತಮ್ಮ ಕಟ್ಟುತ್ತಿದ್ದಾನೆ ಅಂತ ನಾನು ಅಂದುಕೊಂಡಿದ್ದೆ. ದಂಡ ಸೇರಿ 11,400 ಕಟ್ಟಬೇಕಾಯಿತು. ಯಾರೂ ಹಾಕಿಕೊಟ್ಟ ಅಂದಾಜಿನಲ್ಲೂ ಇದು ಇರಲಿಲ್ಲ. ನೀವು ಖರ್ಚಿನ ಲೆಕ್ಕ ಹಾಕೋದಕ್ಕೆ ಕೂತರೆ ಮೊದಲು ತೆರಿಗೆ ರಸೀದಿಗಳನ್ನು ತೆಗೆದು ನೋಡಿ.

ಖಾತೆ ನಮ್ಮೆಲ್ಲರ ಹೆಸರಿಗೆ ಬರಲು ವಂಶವೃಕ್ಷ ಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆವು. ನೋಟರಿ ಮಾಡಿಸಿದ ಅಫಿಡವಿಟ್, ಮರಣ ಪ್ರಮಾಣಪತ್ರ, ಎಲ್ಲರ ಆಧಾರ್. ಅಪ್ಪನದು ಸುಲಭವಾಗಿ ಆಯಿತು. ಅಣ್ಣನ ಹೆಂಡತಿ ಮಕ್ಕಳನ್ನು ತೋರಿಸುವ ವಂಶವೃಕ್ಷ ಇನ್ನೊಂದು ಬೇಕಾಯಿತು. ಅಲ್ಲಿ ಸಿಕ್ಕಿಹಾಕಿಕೊಂಡೆವು. ಅಣ್ಣನ ಆಧಾರ್‌ನಲ್ಲಿ ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಇತ್ತು, ಮರಣ ಪ್ರಮಾಣಪತ್ರದಲ್ಲಿ ಇರಲಿಲ್ಲ. ಎರಡೂ ಒಬ್ಬನೇ ಅಂತ ಇನ್ನೊಂದು ಅಫಿಡವಿಟ್. ಮೂರು ವಾರ ಹೋಯಿತು. ಖಾತೆ ಜಂಟಿಯಾಗಿ ಬರುವ ಹೊತ್ತಿಗೆ ಸಂಕ್ರಾಂತಿ ದಾಟಿತ್ತು.

ಇಸಿ, ಅಂದರೆ ಋಣಭಾರ ಪ್ರಮಾಣಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ, kaveri.karnataka.gov.in ಪುಟದಲ್ಲಿ, ಮನೆಯಲ್ಲೇ ಕೂತು ತೆಗೆದುಕೊಳ್ಳಬಹುದು. ಅಪ್ಪ ಎಂದೋ ಮನೆ ಸಾಲ ತಗೊಂಡಿದ್ದರು. ತೀರಿಸಿದ್ದೂ ಅದರಲ್ಲಿ ದಾಖಲಾಗಿದೆಯಾ ಅಂತ ನೋಡಿಕೊಂಡೆವು. ಆಗಿತ್ತು. ಆಗಿರದಿದ್ದರೆ ಬ್ಯಾಂಕಿಗೆ ಓಡಾಟ ಶುರುವಾಗುತ್ತಿತ್ತು.

ನಕ್ಷೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬರೀ "ಹಿಂದಿನ ಎರಡು ಕೋಣೆ ಅಮ್ಮನಿಗೆ" ಅಂತ ಬರೆದರೆ ಸಾಲದು. ಪ್ರತಿ ಭಾಗಕ್ಕೂ ಉದ್ದ ಅಗಲ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಬೇಕು. ನಮ್ಮ ಬೀದಿಯ ಎಂಜಿನಿಯರ್ ಹುಡುಗ ಟೇಪು ಹಿಡಿದು ಬಂದ. ಅಳೆಯುತ್ತಾ ಹಿಂದಿನ ಕೋಣೆಯ ಬಾಗಿಲ ಹತ್ತಿರ ನಿಂತ. "ಅಜ್ಜಿ, ನೀವು ಇಲ್ಲಿಂದ ರಸ್ತೆಗೆ ಹೇಗೆ ಬರ್ತೀರಾ?" ಅಂದ. ಅಮ್ಮ ಕೈ ತೋರಿಸಿದರು. ತಮ್ಮನಿಗೆ ಅಂತ ಇಟ್ಟಿದ್ದ ಖಾಲಿ ಜಾಗದ ಅಂಚಿನಲ್ಲಿ ತುಳಸಿಕಟ್ಟೆ ಪಕ್ಕಕ್ಕೆ ಸವೆದ ಒಂದು ಕಾಲುದಾರಿ. ಇಷ್ಟು ವರ್ಷ ಆ ಮನೆಯಲ್ಲಿ ಓಡಾಡಿದ ನಮಗೆ ಅದು ಹೊಳೆದೇ ಇರಲಿಲ್ಲ. ಕರಡಿನ ಪ್ರಕಾರ ಅಮ್ಮನ ಕೋಣೆಗಳಿಗೆ ದಾರಿಯೇ ಇರಲಿಲ್ಲ.

ನಾಲ್ಕು ಅಡಿ ಅಗಲದ ದಾರಿಯನ್ನು ಜಂಟಿ ಅಂತ ನಕ್ಷೆಯಲ್ಲಿ ಗೆರೆ ಹಾಕಿಸಿದೆವು. ಸಂಪು, ಬೋರ್‌ವೆಲ್ಲು ಕೂಡ ಎಲ್ಲರಿಗೂ ಸೇರಿದ್ದು ಅಂತ ಪತ್ರದಲ್ಲಿ ಬರೆಸಿದೆವು. ಇದಕ್ಕೆ ಎಂಜಿನಿಯರಿಗೆ 4,000 ಕೊಟ್ಟೆವು. ಬಿಟ್ಟುಹೋಗಿದ್ದರೆ ಆಮೇಲೆ ತಿದ್ದುಪಡಿ ಪತ್ರ ಮಾಡಬೇಕು, ಅದಕ್ಕೆ ಮತ್ತೆ ಎಲ್ಲರೂ ಬಂದು ಸಹಿ ಹಾಕಬೇಕು. ಅಷ್ಟರಲ್ಲಿ ಯಾರಾದರೂ ತಮ್ಮ ಭಾಗ ಮಾರಿಬಿಟ್ಟಿದ್ದರೆ ಹೊಸಬರು ದಾರಿ ಬಿಡಲೇಬೇಕು ಅಂತ ಏನಿದೆ?

ಕೊನೆಗೆ ಪತ್ರ ಹೀಗಾಯಿತು: 'ಎ' ಷೆಡ್ಯೂಲ್ ಹಿಂದಿನ ಕೋಣೆಗಳು, ಅಮ್ಮನಿಗೆ. 'ಬಿ' ಮುಂದಿನ ಮನೆ, ಅತ್ತಿಗೆ ಮತ್ತು ಹುಡುಗನಿಗೆ. 'ಸಿ' ಅಂಗಡಿ, ನನಗೆ. 'ಡಿ' ಖಾಲಿ ಜಾಗ, ತಮ್ಮನಿಗೆ.

ವಕೀಲರ ಸಹಾಯಕರು ವಿವರಗಳನ್ನು ಕಾವೇರಿಯಲ್ಲಿ ತುಂಬಿದರು. ಪಾಲು ಎಷ್ಟು ಅನ್ನೋದನ್ನು ತುಂಬುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಆ ಸಂಖ್ಯೆ ತಪ್ಪಿದರೆ ಶುಲ್ಕವೂ ತಪ್ಪುತ್ತದೆ. ಆಸ್ತಿಯ ಬೆಲೆಯನ್ನೂ ಹಾಕಬೇಕು, ಅದನ್ನು ನೋಡಿ ಗಾಬರಿ ಆಗಬೇಡಿ. ಕರಡನ್ನು ಉಪನೋಂದಣಾಧಿಕಾರಿ ನೋಡಿ ಒಪ್ಪಿದ ಮೇಲೆ ಹಣ ಕಟ್ಟಲು ಬಿಡುತ್ತದೆ. ಖಜಾನೆ-2ರ ಚಲನ್ ಮೂಲಕ ಆನ್‌ಲೈನ್‌ನಲ್ಲೇ ಕಟ್ಟಿದೆವು. ಮುದ್ರಾಂಕ 20,000. ನೋಂದಣಿ ಶುಲ್ಕವೂ ಪಾಲಿನ ಲೆಕ್ಕದಲ್ಲೇ ಬಂತು, ಸ್ಕ್ಯಾನಿಂಗ್ ಸೇರಿ 2,800. ಕಟ್ಟಿದ ಮೇಲೆ ದಿನ ಮತ್ತು ಸಮಯ ಆರಿಸಿಕೊಳ್ಳಬಹುದು. ಜಿಲ್ಲೆಯ ಒಳಗೆ ಯಾವ ಉಪನೋಂದಣಿ ಕಚೇರಿಯಾದರೂ ಆಗುತ್ತದೆ, ಈ ಅನುಕೂಲ 2024ರ ಸೆಪ್ಟೆಂಬರಿನಿಂದ ರಾಜ್ಯದ ಎಲ್ಲ ಜಿಲ್ಲೆಗೂ ಇದೆ. ತಮ್ಮನಿಗೆ ರಜೆ ಸಿಗುವ ದಿನ ನೋಡಿ ಸಮಯ ತಗೊಂಡೆವು.

ಆ ದಿನ ಎಲ್ಲ ಸಲೀಸಾಗಿ ನಡೆಯಿತು, ಅಮ್ಮನ ಹೆಬ್ಬೆಟ್ಟು ಒಂದು ಬಿಟ್ಟರೆ. ವಯಸ್ಸಾದವರ ಬೆರಳು ಸವೆದಿರುತ್ತದೆ. ಯಂತ್ರ ಮೂರು ಸಲ ಒಪ್ಪಲಿಲ್ಲ. ಅಮ್ಮ ಗಾಬರಿಯಾಗಿ ಬೆರಳನ್ನು ಇನ್ನೂ ಜೋರಾಗಿ ಒತ್ತುತ್ತಿದ್ದರು. ಅಲ್ಲಿದ್ದ ಹುಡುಗಿ ಎದ್ದು ಬಂದು ಒದ್ದೆ ಬಟ್ಟೆಯಲ್ಲಿ ಅಮ್ಮನ ಬೆರಳು ಒರೆಸಿ, ತನ್ನ ಕೈಯಲ್ಲಿ ಹಿಡಿದು, "ಒತ್ತಬೇಡಿ ಅಜ್ಜಿ, ಸುಮ್ನೆ ಇಡಿ" ಅಂದಳು. ನಾಲ್ಕನೇ ಸಲಕ್ಕೆ ಹಿಡಿಯಿತು. ಅಮ್ಮನ ವಯಸ್ಸಿನವರು ಇದ್ದರೆ ಸಾಕ್ಷಿಗಳನ್ನು, ಗುರುತಿನ ಚೀಟಿಗಳನ್ನು ಎಷ್ಟು ನೆನಪಿಟ್ಟು ತರುತ್ತೀರೋ ಅಷ್ಟೇ ನೆನಪಿಟ್ಟು ಒಂದು ಒದ್ದೆ ಕರವಸ್ತ್ರ ತನ್ನಿ.

ಅಫಿಡವಿಟ್‌ಗಳು, ಇಸಿ, ಕ್ರಯಪತ್ರದ ದೃಢೀಕೃತ ನಕಲು, ಜೆರಾಕ್ಸು, ಫೋಟೋ ಎಲ್ಲ ಸೇರಿ 3,100 ಆಗಿತ್ತು. ತಮ್ಮ ಬಂದು ಹೋದದ್ದು, ಸಾಕ್ಷಿಗಳ ಊಟ, ಆಟೋ 2,500. ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ತಮ್ಮ ಮೊಬೈಲಿನಲ್ಲಿ ಎಲ್ಲ ಕೂಡಿಸಿದ. ಒಟ್ಟು 58,800. ನಾಲ್ಕರಿಂದ ಭಾಗಿಸಿದರೆ ತಲಾ 14,700. ಇದರಲ್ಲಿ ಸರ್ಕಾರಕ್ಕೆ ವಿಭಾಗದ ಲೆಕ್ಕದಲ್ಲಿ ಹೋದದ್ದು 22,800 ಮಾತ್ರ. ಮಿಕ್ಕಿದ್ದು ವಕೀಲರು, ನಕ್ಷೆ, ಕಾಗದ ಮತ್ತು ನಾವೇ ಬಾಕಿ ಇಟ್ಟುಕೊಂಡಿದ್ದ ತೆರಿಗೆ.

ಅತ್ತಿಗೆಯ 14,700 ಅಮ್ಮ ಕೊಡಲು ಹೋದರು. ಅತ್ತಿಗೆ ತಗೊಳ್ಳಲಿಲ್ಲ. ಬ್ಯಾಗಿನಿಂದ ಎಣಿಸಿ ಇಟ್ಟಿದ್ದ ಕವರು ತೆಗೆದು ತಮ್ಮನ ಮುಂದೆ ಇಟ್ಟರು.

ಇನ್ನು ಉಳಿದಿರೋದು ಖಾತೆಯನ್ನು ನಾಲ್ಕು ಮಾಡಿಸೋದು. ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ. ಅದನ್ನು ನಾನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ. ನೋಂದಾಯಿತ ಪತ್ರದ ನಕಲು, ಎಂಜಿನಿಯರ್ ನಕ್ಷೆ, ಈ ವರ್ಷದ ತೆರಿಗೆ ರಸೀದಿ ಎಲ್ಲ ಒಂದು ಫೈಲಿನಲ್ಲಿ ಹಾಕಿಟ್ಟಿದ್ದೇನೆ. ಸೋಮವಾರ ಅರ್ಜಿ ಕೊಡಲು ಹೋಗುತ್ತೇನೆ.